ಮಂಡಿ ತಿರುಚಿ ಬಿದ್ದು ಮೆನಿಸ್ಕಸ್ ಹರಿದಿದೆ: ಈಗಲೇ ಕೀಹೋಲ್ ಆಪರೇಷನ್ನಾ, ಮೊದಲು ವ್ಯಾಯಾಮವಾ?

ನೀಲಿಕೊಡೆ
ಎಲ್ಲರಿಗೂ ನಮಸ್ಕಾರ. ನನಗೆ 48 ವರ್ಷ. ಮೂರು ವಾರದ ಹಿಂದೆ ಒದ್ದೆ ಮೆಟ್ಟಿಲಲ್ಲಿ ಜಾರಿದೆ. ಬಲಪಾದ ಮೆಟ್ಟಿಲ ಮೂಲೆಗೆ ಸಿಕ್ಕಿಕೊಂಡು ಅಲ್ಲೇ ನಿಂತಿತು, ಮೈ ಮಾತ್ರ ಎಡಕ್ಕೆ ತಿರುಗಿ ಬಿತ್ತು. ಮಂಡಿಯ ಒಳಮಗ್ಗುಲಲ್ಲಿ ಚಳಕ್ ಅಂತ ನೋವು. ಆದರೂ ಎದ್ದು ಕುಂಟುತ್ತಾ ನಡೆದೆ. ಈಗ ಸಮತಟ್ಟು ನೆಲದಲ್ಲಿ ಓಡಾಡಬಲ್ಲೆ. ಮೆಟ್ಟಿಲು ಇಳಿಯುವಾಗ, ರಾತ್ರಿ ಮಗ್ಗುಲು ಬದಲಿಸುವಾಗ ಜೀವ ಹೋದ ಹಾಗೆ ಆಗುತ್ತದೆ.

ಎಂಆರ್‌ಐ ರಿಪೋರ್ಟಿನಲ್ಲಿ ಇರುವುದು ಇಷ್ಟು: ಒಳಭಾಗದ ಮೆನಿಸ್ಕಸ್‌ನ, ಅಂದರೆ ಮಂಡಿಯ ಮೂಳೆಗಳ ನಡುವಿನ ಮೆತ್ತೆಯ, ಹಿಂಬದಿಯಲ್ಲಿ ಅಡ್ಡ ಸೀಳು, ಗ್ರೇಡ್ 3. ಸ್ವಲ್ಪ ನೀರು ತುಂಬಿದೆ. ಲಿಗಮೆಂಟುಗಳು ಸರಿಯಾಗಿವೆ. ಕಾರ್ಟಿಲೇಜ್ ಅಲ್ಲಲ್ಲಿ ತೆಳುವಾಗಿದೆ.

ಒಬ್ಬ ಡಾಕ್ಟರು "ಮುಂದಿನ ವಾರವೇ ಕೀಹೋಲ್ ಮಾಡಿ ಹರಿದ ಭಾಗ ತೆಗೆದುಬಿಡೋಣ" ಅಂದರು. ಇನ್ನೊಬ್ಬರು "ಮೂರು ತಿಂಗಳು ಫಿಸಿಯೋ ಮಾಡಿ ಬನ್ನಿ, ಆಮೇಲೆ ನೋಡೋಣ" ಅಂದರು. ನನ್ನದು ದಿನವಿಡೀ ನಿಂತು ಮಾಡುವ ಕೆಲಸ. ಕಾದರೆ ಸೀಳು ದೊಡ್ಡದಾಗುತ್ತದಾ? ಅದೇ ಭಯ.

ಓಟದಹುಚ್ಚ
ಮೇಡಂ, ಗ್ರೇಡ್ 3 ಅಂದರೆ ಕೊನೆಯ ಹಂತ. ಮೆನಿಸ್ಕಸ್‌ಗೆ ರಕ್ತ ಹೋಗುವುದಿಲ್ಲ, ಅದು ತಾನಾಗಿ ಕೂಡುವುದೇ ಇಲ್ಲ. ಕೂಡದ ವಸ್ತುವಿಗೆ ವ್ಯಾಯಾಮ ಮಾಡಿ ಏನು ಪ್ರಯೋಜನ ಹೇಳಿ? ನಾನು ಮಾಡಿಸಿಕೊಂಡೆ. ಎರಡು ಸಣ್ಣ ತೂತು, ಅವತ್ತೇ ಮನೆಗೆ ಕಳಿಸಿದರು. ಸುಮ್ನೆ ಕಾಲ ಕಳೆಯಬೇಡಿ.

ಹಳೇಮಂಡಿ
ನನಗೂ ಹೀಗೇ ಆಗಿತ್ತಮ್ಮ. ಲಿಗಮೆಂಟ್ ಹೋಗಿತ್ತು. ತೊಡೆಯ ಹಿಂದಿನ ನರ ತೆಗೆದು ಹೊಸದು ಹಾಕಿದರು. ಒಂಬತ್ತು ತಿಂಗಳು ಹಿಡಿಯಿತು. ನೀವೂ ಮಾನಸಿಕವಾಗಿ ಸಿದ್ಧರಾಗಿರಿ.

ಮಂಡಿಮಾತು
ಹಳೇಮಂಡಿ ಸರ್, ಇವರ ಲಿಗಮೆಂಟ್ ಸರಿಯಾಗಿದೆ ಅಂತ ರಿಪೋರ್ಟೇ ಹೇಳುತ್ತಿದೆ. ನಿಮ್ಮದು ಬೇರೆ ಆಪರೇಷನ್. ಅವರನ್ನು ಹೆದರಿಸಬೇಡಿ. ಅಂದ ಹಾಗೆ, ನಿಮ್ಮ ಡಾಕ್ಟರು ತೆಗೆದದ್ದು ನರ ಅಲ್ಲ, ಸ್ನಾಯುವಿನ ತುದಿಯ ಕಂಡರ.

ನಾನು ಫಿಸಿಯೋ. ಮೊದಲು ಗ್ರೇಡ್ ವಿಷಯ. ಅದು ಕಾಯಿಲೆಯ ಹಂತ ಅಲ್ಲ. ಸ್ಕ್ಯಾನಿನಲ್ಲಿ ಕಾಣುವ ಬಿಳಿ ಗೆರೆ ಮೆನಿಸ್ಕಸ್‌ನ ಒಳಗೇ ಉಳಿದಿದ್ದರೆ 1 ಅಥವಾ 2. ಅದು ಮೇಲ್ಮೈಗೆ ತಲುಪಿದರೆ 3. ಅಂದರೆ "ನಿಜವಾಗಿಯೂ ಸೀಳಿದೆ" ಅನ್ನುವುದಕ್ಕೆ 3 ಅಂತ ಬರೆಯುತ್ತಾರೆ, ಅಷ್ಟೆ. ಸಣ್ಣ ಸೀಳಿಗೂ ಅದೇ ಅಂಕಿ, ದೊಡ್ಡ ಸೀಳಿಗೂ ಅದೇ ಅಂಕಿ.

ಎರಡನೆಯದು, ಅಡ್ಡ ಸೀಳು. ನಡುವಯಸ್ಸಿನಲ್ಲಿ ಇದು ಸವೆತದಿಂದ ನಿಧಾನವಾಗಿ ಬರುವಂಥದ್ದು. ಬೀಳುವುದಕ್ಕೆ ಮುಂಚೆಯೇ ನಿಮ್ಮ ಮಂಡಿಯಲ್ಲಿ ಇದು ಇದ್ದಿರಬಹುದು, ಬಿದ್ದಾಗ ಕೆರಳಿರಬಹುದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 50ರಿಂದ 90 ವರ್ಷದ 991 ಜನರ ಮಂಡಿಯನ್ನು ಸ್ಕ್ಯಾನ್ ಮಾಡಿದರು. 2008ರಲ್ಲಿ ಪ್ರಕಟವಾಯಿತು. ಅವರು ಆಸ್ಪತ್ರೆಗೆ ಬಂದ ರೋಗಿಗಳಲ್ಲ, ಊರಿನ ಸಾಮಾನ್ಯ ಜನ. ಮೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ ಜನಕ್ಕೆ ಮೆನಿಸ್ಕಸ್ ಹರಿದಿತ್ತು. ಹಾಗೆ ಹರಿದವರಲ್ಲಿ ಶೇ. 61 ಜನಕ್ಕೆ ಹಿಂದಿನ ಒಂದು ತಿಂಗಳಲ್ಲಿ ಮಂಡಿ ನೋವೇ ಇರಲಿಲ್ಲ. ಹಾಗಾಗಿ "ಸ್ಕ್ಯಾನಿನಲ್ಲಿ ಸೀಳಿದೆ, ಆದ್ದರಿಂದ ನೋವು ಅದರಿಂದಲೇ" ಅನ್ನುವುದು ನಿಮ್ಮ ವಯಸ್ಸಿನಲ್ಲಿ ಅಷ್ಟು ಸಲೀಸಲ್ಲ.

ಆದರೆ ಯಾವ ದಾರಿ ಅಂತ ಹೇಳುವ ಮೊದಲು ಮೂರು ಪ್ರಶ್ನೆ. ಊತ ಬಿದ್ದ ಒಂದೆರಡು ಗಂಟೆಯಲ್ಲೇ ಬಂತಾ, ಮಾರನೇ ದಿನ ಬಂತಾ? ಬೀಳುವಾಗ ಮಂಡಿಯ ಹಿಂಭಾಗದಲ್ಲಿ "ಟಪ್" ಅಂದ ಹಾಗೆ ಆಯಿತಾ? ಮಂಡಿ ಪೂರ್ತಿ ನೇರ ಆಗುತ್ತದಾ?

ಕೊನೆಯದನ್ನು ಮನೆಯಲ್ಲೇ ನೋಡಬಹುದು. ಮಂಚದ ಮೇಲೆ ಬೋರಲು ಮಲಗಿ. ಮಂಡಿಚಿಪ್ಪು ಮಂಚದ ಅಂಚಿನಿಂದ ಸ್ವಲ್ಪ ಆಚೆ ಇರಲಿ, ಮೊಣಕಾಲಿನ ಕೆಳಗಿನ ಭಾಗ ಗಾಳಿಯಲ್ಲಿ ಜೋತಾಡಲಿ. ಬಿಗಿ ಬಿಟ್ಟುಬಿಡಿ. ಎರಡು ಹಿಮ್ಮಡಿ ಒಂದೇ ಎತ್ತರದಲ್ಲಿವೆಯಾ ಅಂತ ಮನೆಯವರಿಗೆ ನೋಡಲು ಹೇಳಿ. ಒಂದು ಸೆಂಟಿಮೀಟರ್ ವ್ಯತ್ಯಾಸ ಅಂದರೆ ಹೆಚ್ಚುಕಮ್ಮಿ ಒಂದು ಡಿಗ್ರಿ ಕೊರತೆ.

ನೀಲಿಕೊಡೆ
ಊತ ಮಾರನೇ ದಿನ ಬೆಳಗ್ಗೆ ಕಂಡಿತು. ಟಪ್ ಅಂತ ಏನೂ ಕೇಳಿಸಲಿಲ್ಲ. ಮೊದಲ ವಾರ ಮಂಡಿ ನೇರ ಮಾಡೋಕೇ ಆಗುತ್ತಿರಲಿಲ್ಲ, ಈಗ ಪರವಾಗಿಲ್ಲ. ಮಗಳ ಹತ್ತಿರ ಸ್ಕೇಲ್ ಹಿಡಿಸಿದೆ. ಬಲಹಿಮ್ಮಡಿ ಮೂರು ಸೆಂಟಿಮೀಟರ್ ಮೇಲಿದೆ ಅಂದಳು. ಕೊನೆಯಲ್ಲಿ ಬಿಗಿ ಅನಿಸುತ್ತದೆ, ಏನೋ ಅಡ್ಡ ಸಿಕ್ಕಿಕೊಂಡ ಹಾಗೆ ಅಲ್ಲ.

ಮಂಡಿಮಾತು
ಮಾರನೇ ದಿನದ ಊತ ಮೆನಿಸ್ಕಸ್‌ಗೆ ಹೊಂದುತ್ತದೆ. ಗಂಟೆಯೊಳಗೇ ಬಲೂನಿನ ಹಾಗೆ ಊದಿದ್ದರೆ ಒಳಗೆ ರಕ್ತ ಸೇರಿದೆ ಅಂತ ಲಿಗಮೆಂಟು, ಮೂಳೆ ಎಲ್ಲ ಹುಡುಕಬೇಕಿತ್ತು. ಮಂಡಿ ನೇರ ಆಗುವುದು ವಾರದಿಂದ ವಾರಕ್ಕೆ ಸುಧಾರಿಸುತ್ತಿದೆ ಅನ್ನುವುದೂ ಒಳ್ಳೆಯದು. ನೋವು, ನೀರು, ಸ್ನಾಯು ಬಿಗಿತದಿಂದ ಸಿಕ್ಕಿಕೊಂಡ ಮಂಡಿ ಹೀಗೇ ಬಿಡಿಸಿಕೊಳ್ಳುತ್ತದೆ. ನಿಜವಾಗಿ ಲಾಕ್ ಆದ ಮಂಡಿ ಸಾಮಾನ್ಯವಾಗಿ ಹಾಗೆ ಬಿಟ್ಟುಕೊಡುವುದಿಲ್ಲ.

ಬಾಗಿಲಚಿಲಕ
ಲಾಕ್ ಅಂದರೆ ಏನು ಅಂತ ನಾನು ಹೇಳುತ್ತೇನೆ, ಅನುಭವಿಸಿದ್ದೇನೆ. ಕುಕ್ಕರಗಾಲಲ್ಲಿ ಕೂತು ಏಳುವಾಗ ತಿರುಗಿದೆ. ಮಂಡಿ ಅರ್ಧ ಮಡಚಿದ ಜಾಗದಲ್ಲೇ ನಿಂತಿತು. ನೋವಿನ ಮಾತ್ರೆ ತಿಂದು ನೋವು ಕಡಿಮೆಯಾದ ಮೇಲೂ ನೇರ ಆಗಲಿಲ್ಲ. ಒತ್ತಿದರೆ ರಬ್ಬರ್ ಒತ್ತಿದ ಹಾಗೆ ವಾಪಸ್ ಚಿಮ್ಮುತ್ತಿತ್ತು. ಹರಿದ ಉದ್ದನೆಯ ಪಟ್ಟಿ ಮಗುಚಿ ಕೀಲಿನ ಮಧ್ಯಕ್ಕೆ ಬಂದಿತ್ತಂತೆ, ಬಕೆಟ್ ಹ್ಯಾಂಡಲ್ ಅಂತಾರೆ. ನನಗೆ ಯಾರೂ ಮೂರು ತಿಂಗಳು ಕಾಯಿರಿ ಅನ್ನಲಿಲ್ಲ. ಬೇಗ ಆಪರೇಷನ್ ಮಾಡಿ ಪಟ್ಟಿಯನ್ನು ಜಾಗಕ್ಕೆ ಕೂರಿಸಿ ಹೊಲಿದರು.

ಹೊಲಿಗೆ ಹಾಕಿದ್ದರಿಂದ ಆರು ವಾರ ಊರುಗೋಲು. 90 ಡಿಗ್ರಿಗಿಂತ ಜಾಸ್ತಿ ಮಡಚಬಾರದು ಅಂದಿದ್ದರು. ಓಟದಹುಚ್ಚ ಅವರೇ, "ಅವತ್ತೇ ಮನೆಗೆ, ನಾಳೆ ನಡಿಗೆ" ಅನ್ನುವುದು ಕತ್ತರಿಸಿ ತೆಗೆದವರ ಕಥೆ. ಹೊಲಿಸಿಕೊಂಡವರ ಕಥೆ ಬೇರೆ.

ಓಟದಹುಚ್ಚ
ಸರಿ, ಒಪ್ಪಿದೆ. ನನ್ನದು ಕತ್ತರಿಸಿದ್ದೇ. ಆದರೆ ನನ್ನ ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಕೂಡದ ಸೀಳಿಗೆ ವ್ಯಾಯಾಮ ಏನು ಮಾಡುತ್ತದೆ?

ಮಂಡಿಮಾತು
ಸೀಳನ್ನು ಏನೂ ಮಾಡುವುದಿಲ್ಲ. ಅರ್ಧ ನೀವು ಹೇಳಿದ್ದು ಸರಿ. ಹೊರ ಅಂಚಿನ ಮೂರನೇ ಒಂದು ಭಾಗಕ್ಕೆ ರಕ್ತ ಇದೆ, ಅಲ್ಲಿ ಕೂಡಬಹುದು. ಒಳ ಅಂಚಿಗೆ ಇಲ್ಲ. ಆದರೆ ಕೀಹೋಲ್‌ನಲ್ಲಿ ಕತ್ತರಿಸಿದರೂ ಅದು ಕೂಡುವುದಿಲ್ಲವಲ್ಲ! ಹರಿದ ಅಂಚನ್ನು ಸವರಿ ನುಣ್ಣಗೆ ಮಾಡುತ್ತಾರೆ, ಮೆತ್ತೆ ಅಷ್ಟು ಚಿಕ್ಕದಾಗುತ್ತದೆ. ಎರಡೂ ದಾರಿಯಲ್ಲಿ ಗುರಿ ಒಂದೇ, ಸೀಳು ಇದ್ದೂ ನೋವಿಲ್ಲದ ಮಂಡಿ. ಊತ ಇರುವಷ್ಟು ದಿನ ತೊಡೆಯ ಮುಂದಿನ ಸ್ನಾಯು ಮಂಕಾಗುತ್ತದೆ. ಆಗ ಮೆಟ್ಟಿಲು ಇಳಿಯುವ ಭಾರ ತಡೆಯುವವರಿಲ್ಲದೆ ನೇರ ಕೀಲಿಗೇ ಬೀಳುತ್ತದೆ. ವ್ಯಾಯಾಮ ಸರಿಮಾಡುವುದು ಅದನ್ನು.

ಫಿನ್ಲೆಂಡಿನವರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. 35ರಿಂದ 65 ವಯಸ್ಸಿನ 146 ಜನ, ಎಲ್ಲರಿಗೂ ಒಳಭಾಗದ ಸವೆತದ ಸೀಳು. ಎಲ್ಲರಿಗೂ ಕೀಹೋಲ್ ಹಾಕಿ ಒಳಗೆ ನೋಡಿದರು. ಆಮೇಲೆ ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಸೀಳನ್ನು ಕತ್ತರಿಸಿದರು, ಇನ್ನರ್ಧಕ್ಕೆ ನಾಟಕ ಮಾತ್ರ. ಸರ್ಜನ್ ಉಪಕರಣ ಕೇಳಿದರು, ಕಾಲನ್ನು ಅತ್ತಿತ್ತ ತಿರುಗಿಸಿದರು, ಬ್ಲೇಡ್ ತೆಗೆದ ಯಂತ್ರವನ್ನು ಹೊರಗಿನಿಂದ ಮಂಡಿಚಿಪ್ಪಿಗೆ ಒತ್ತಿ ಸದ್ದು ಮಾಡಿದರು, ಸಮಯವೂ ಅಷ್ಟೇ ತೆಗೆದುಕೊಂಡರು. ಒಂದು ವರ್ಷದ ಮೇಲೆ ಎರಡೂ ಗುಂಪು ಚೆನ್ನಾಗಿ ಸುಧಾರಿಸಿದ್ದವು. ವ್ಯತ್ಯಾಸ ಇರಲಿಲ್ಲ. ನಿಮ್ಮ ಮಂಡಿ ಆಪರೇಷನ್ ಆದ ಮೇಲೆ ಸರಿಯಾಯಿತು ಅನ್ನುವುದು ನಿಜ. ಆಪರೇಷನ್‌ನಿಂದಲೇ ಸರಿಯಾಯಿತಾ ಅನ್ನುವುದು ಬೇರೆ ಪ್ರಶ್ನೆ.

ಅರ್ಧಚಂದ್ರ
ಮೂಳೆ ವಿಭಾಗದಲ್ಲಿ ಕೆಲಸ ಮಾಡುವವನು ನಾನು, ಕೀಹೋಲ್ ಮಾಡುವವನೂ ಹೌದು. ಮಂಡಿಮಾತು ಅವರು ಹೇಳಿದ್ದು ಸರಿ, ಆದರೆ ಒಂದು ವಿಷಯ ಬಿಟ್ಟರು. ಆ ಫಿನ್ಲೆಂಡ್ ಅಧ್ಯಯನದಲ್ಲಿ ಸ್ಪಷ್ಟವಾಗಿ ಪೆಟ್ಟಿನಿಂದ ಶುರುವಾದವರನ್ನು ಸೇರಿಸಿಕೊಂಡಿರಲಿಲ್ಲ. ಇವರು ತಿರುಚಿ ಬಿದ್ದವರು. ಅದರ ಫಲಿತಾಂಶವನ್ನು ಹಾಗೇ ಎತ್ತಿ ಇವರಿಗೆ ಅನ್ವಯಿಸುವುದು ಅಷ್ಟು ಸರಿಯಲ್ಲ.

ಇನ್ನೂ ಮುಖ್ಯವಾದದ್ದು ರೂಟ್. ಮೆನಿಸ್ಕಸ್ ಮೂಳೆಗೆ ಕಚ್ಚಿಕೊಂಡಿರುವ ಬುಡ ಅದು. ನಡುವಯಸ್ಸಿನ ಹೆಂಗಸರಲ್ಲಿ ಒಳಭಾಗದ ಹಿಂದಿನ ರೂಟ್ ಕಿತ್ತು ಬರುವುದು ಅಪರೂಪವೇನಲ್ಲ. ಜೋರಾಗಿ ಬೀಳಬೇಕಿಲ್ಲ, ಒಂದು ಮೆಟ್ಟಿಲು ಇಳಿಯುವಾಗಲೂ ಆಗಬಹುದು. ಮಂಡಿಯ ಹಿಂದೆ ಟಪ್ ಅಂತ ಆಗಿ ತಕ್ಷಣ ಜೋರು ನೋವು. ಬುಡ ಕಿತ್ತರೆ ಮೆನಿಸ್ಕಸ್ ಭಾರ ತಡೆಯುವುದೇ ಇಲ್ಲ, ಕೀಲಿನಿಂದ ಹೊರಕ್ಕೆ ಜರುಗುತ್ತದೆ. ಕೀಲಿನ ಒಳಗಿನ ಒತ್ತಡದ ಲೆಕ್ಕದಲ್ಲಿ ಪೂರ್ತಿ ಮೆನಿಸ್ಕಸ್ ತೆಗೆದುಹಾಕಿದ್ದಕ್ಕೆ ಸಮ. ಅಂಥವರಿಗೆ ಮೂರು ತಿಂಗಳು ಕಾಯುವುದರಲ್ಲಿ ಕಾರ್ಟಿಲೇಜ್ ಹಾಳಾಗಬಹುದು. ಕತ್ತರಿಸುವುದೂ ತಪ್ಪು, ಆಯ್ದವರಲ್ಲಿ ಬುಡವನ್ನು ಮೂಳೆಗೆ ಮತ್ತೆ ಕಟ್ಟಬೇಕು.

ನೀಲಿಕೊಡೆ ಅವರೇ, ರಿಪೋರ್ಟಿನಲ್ಲಿ "ರೂಟ್" ಅನ್ನುವ ಪದ ಇದೆಯಾ, "ಎಕ್ಸ್‌ಟ್ರೂಷನ್", ಅಂದರೆ ಹೊರಕ್ಕೆ ಜರುಗಿದ್ದು, ಎಷ್ಟು ಮಿಲಿಮೀಟರ್ ಅಂತ ಇದೆಯಾ ನೋಡಿ. 3 ಮಿಲಿಮೀಟರ್ ದಾಟಿದ್ದರೆ ರೂಟ್ ಬಗ್ಗೆ ಅನುಮಾನ ಪಡಬೇಕು. ಬರೆದೇ ಇಲ್ಲ ಅಂದರೆ ರೇಡಿಯಾಲಜಿಸ್ಟ್‌ಗೆ ಫೋನ್ ಮಾಡಿಸಿ ಕೇಳಿ. ರೂಟ್ ಸೀಳು ಸ್ಕ್ಯಾನ್ ಓದುವಾಗ ಕಣ್ಣು ತಪ್ಪುವಂಥದ್ದು.

ಸಂಜೆನಡಿಗೆ
ಇದು ನಮ್ಮ ಅಮ್ಮನಿಗೆ ಆಗಿದ್ದು. 57 ವರ್ಷ. ಮೆಟ್ಟಿಲು ಇಳಿಯುವಾಗ ಟಪ್ ಅಂತು. "ವಯಸ್ಸಿನ ಸವೆತ, ವ್ಯಾಯಾಮ ಮಾಡಿ" ಅಂದರು. ಆಸ್ಪತ್ರೆ ಹೆಸರು ಬೇಡ. ಎರಡು ತಿಂಗಳಾದ ಮೇಲೆ ನೋವು ಕಡಿಮೆಯಾಗುವ ಬದಲು ಜಾಸ್ತಿಯಾಯಿತು, ರಾತ್ರಿ ಮಲಗಿದರೂ ನೋವು. ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿದರೆ ರೂಟ್ ಹೋಗಿತ್ತು, ಅದರ ಪಕ್ಕದ ಮೂಳೆಯಲ್ಲಿ ಸಣ್ಣ ಕುಸಿತ ಕೂಡ. ಅದಕ್ಕೇ ಹೇಳುವುದು, ವ್ಯಾಯಾಮ ವ್ಯಾಯಾಮ ಅಂತ ಎಲ್ಲರಿಗೂ ಒಂದೇ ಮಾತ್ರೆ ಕೊಡಬೇಡಿ.

ಮಂಡಿಮಾತು
ಸಂಜೆನಡಿಗೆ ಅವರ ಮಾತು ಒಪ್ಪುತ್ತೇನೆ. ವ್ಯಾಯಾಮದ ಮಧ್ಯೆ ನೋವು ಏರುತ್ತಾ ಹೋದರೆ, ಅದರಲ್ಲೂ ಭಾರ ಹಾಕದೆ ಮಲಗಿದಾಗಲೂ ಇದ್ದರೆ, ವ್ಯಾಯಾಮ ನಿಲ್ಲಿಸಿ ಮತ್ತೆ ತೋರಿಸಬೇಕು. ಅದನ್ನು "ಇನ್ನೂ ಗಟ್ಟಿಯಾಗಿ ಮಾಡಿ" ಅಂತ ತಳ್ಳುವ ಫಿಸಿಯೋಗಳೂ ಇದ್ದಾರೆ.

ಆದರೆ ಅರ್ಧಚಂದ್ರ ಸರ್, ಪೆಟ್ಟಿನ ಮಾತಿಗೆ ನನ್ನ ತಕರಾರಿದೆ. ಪೆಟ್ಟಿನಿಂದಲೇ ಹರಿದ 18ರಿಂದ 45 ವಯಸ್ಸಿನವರ ಮೇಲೆ ಡಚ್ಚರು ಮಾಡಿದ ಅಧ್ಯಯನ ಇದೆ. ಕತ್ತರಿ ಮೊದಲು, ಫಿಸಿಯೋ ಮೊದಲು ಅಂತ ಎರಡು ಗುಂಪು. ಎರಡು ವರ್ಷದ ಮೇಲೆ ವ್ಯತ್ಯಾಸ ಕಾಣಲಿಲ್ಲ. ಎಳೆಯ ವಯಸ್ಸಿನವರಲ್ಲೇ ಹೀಗಿದ್ದರೆ 48ರ ಅಡ್ಡ ಸೀಳಿಗೆ ಬಿದ್ದದ್ದು ಎಷ್ಟು ಕಾರಣ?

ಅರ್ಧಚಂದ್ರ
ಅದೇ ಅಧ್ಯಯನದಲ್ಲಿ ಫಿಸಿಯೋ ಗುಂಪಿನ ಶೇ. 41 ಜನ ಆಮೇಲೆ ಆಪರೇಷನ್ ಮಾಡಿಸಿಕೊಂಡರು. ಅದನ್ನೂ ಹೇಳಿ. ನೂರೇ ಜನರ ಅಧ್ಯಯನ ಅದು.

ಮಂಡಿಮಾತು
ಹೇಳುತ್ತೇನೆ. ಅದರ ಅರ್ಥ, ಹತ್ತರಲ್ಲಿ ಆರು ಜನಕ್ಕೆ ಬೇಕಾಗಲಿಲ್ಲ ಅಂತಲೂ ಆಗುತ್ತದೆ. 45ರಿಂದ 70ರವರ ಮೇಲೆ ಡಚ್ಚರದ್ದೇ ಇನ್ನೊಂದು ಇದೆ, 2018ರದ್ದು, 321 ಜನ. ಅಲ್ಲಿ ಎರಡು ವರ್ಷದಲ್ಲಿ ಫಿಸಿಯೋದಿಂದ ಆಪರೇಷನ್‌ಗೆ ಹೋದವರು ಶೇ. 29. ಮಂಡಿ ಲಾಕ್ ಆದವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ.

ಅರ್ಧಚಂದ್ರ
ಸರಿ, ಅಲ್ಲಿಗೆ ಬಿಡೋಣ. ನಾನೂ ಇವರಿಗೆ ಮುಂದಿನ ವಾರವೇ ಕತ್ತರಿ ಅನ್ನುವವನಲ್ಲ. ರೂಟ್ ಸರಿಯಿದೆ ಅಂತ ಖಾತ್ರಿ ಆಗಲಿ ಅಷ್ಟೆ.

ನೀಲಿಕೊಡೆ
ರೇಡಿಯಾಲಜಿಸ್ಟ್ ಜೊತೆ ಎರಡನೇ ಡಾಕ್ಟರೇ ಮಾತಾಡಿದರು. ರೂಟ್ ಸರಿಯಾಗಿದೆ, ಎಕ್ಸ್‌ಟ್ರೂಷನ್ 2 ಮಿಲಿಮೀಟರ್. ಪಟ್ಟಿ ಮಗುಚಿಲ್ಲ. ಹಾಗಾಗಿ ಫಿಸಿಯೋ ಶುರು ಮಾಡುತ್ತಿದ್ದೇನೆ. ಏನೇನು ಇರುತ್ತದೆ ಅಂತ ಮೊದಲೇ ತಿಳಿದಿದ್ದರೆ ಧೈರ್ಯ.

ಮಂಡಿಮಾತು
ನಿಮ್ಮನ್ನು ಕೈಯಾರೆ ನೋಡುವ ಫಿಸಿಯೋ ಹೇಳಿದ್ದೇ ಕೊನೆಯ ಮಾತು. ನಾನಾಗಿದ್ದರೆ ಮೊದಲು ಆ ಮೂರು ಸೆಂಟಿಮೀಟರ್ ಹಿಂದೆ ಬೀಳುತ್ತಿದ್ದೆ. ನೇರ ಆಗದ ಮಂಡಿಯಲ್ಲಿ ಎಷ್ಟು ಬಲ ತುಂಬಿದರೂ ಕುಂಟು ಹೋಗುವುದಿಲ್ಲ. ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಕಾಲು ಚಾಚಿ ಕೂತು, ಮಂಡಿಯ ಹಿಂಭಾಗವನ್ನು ಕೆಳಕ್ಕೆ ಒತ್ತಿ. ತೊಡೆಯ ಮುಂದಿನ ಸ್ನಾಯು ಕಲ್ಲಿನ ಹಾಗೆ ಬಿಗಿಯಬೇಕು, ಐದು ಸೆಕೆಂಡು, ಹತ್ತು ಸಲ, ದಿನಕ್ಕೆ ನಾಲ್ಕೈದು ಬಾರಿ. ಜೊತೆಗೆ ನಿಂತಲ್ಲೇ ತುಳಿಯುವ ಸೈಕಲ್, ಭಾರ ಇಲ್ಲದೆ.

ಮಂಡಿ ಸ್ವಲ್ಪವೂ ಬಾಗದೆ ನೇರ ಕಾಲನ್ನು ಎತ್ತಲು ಬಂದ ಮೇಲೆ ಭಾರದ ಕೆಲಸ. ಕುರ್ಚಿಯಿಂದ ಕೈ ಊರದೆ ಏಳುವುದು, ಗಿಡ್ಡ ಮೆಟ್ಟಿಲು ಹತ್ತುವುದು, ಆಮೇಲೆ ಅದನ್ನೇ ನಿಧಾನವಾಗಿ ಇಳಿಯುವುದು. ಇಳಿಯುವಾಗ ಮಂಡಿ ಒಳಕ್ಕೆ ಬೀಳದ ಹಾಗೆ ಕನ್ನಡಿ ಎದುರು ಮಾಡಿ. ಸೊಂಟದ ಪಕ್ಕದ ಸ್ನಾಯುವಿಗೂ ಕೆಲಸ ಕೊಡಬೇಕು. ನಾರ್ವೆಯವರು 2016ರ ಅಧ್ಯಯನದಲ್ಲಿ ಕೊಟ್ಟದ್ದು 12 ವಾರ, ವಾರಕ್ಕೆ ಎರಡು ಮೂರು ಸಲ, ಭಾರ ಏರಿಸುತ್ತಾ ಹೋಗುವುದು. ಎರಡು ವರ್ಷದಲ್ಲಿ ಅದು ಆಪರೇಷನ್‌ಗೆ ಸಮವಾಯಿತು. ಬಿಸಿನೀರಿನ ಚೀಲ, ಕರೆಂಟ್ ಶಾಖ ಇಟ್ಟು ಕಳಿಸುವುದನ್ನು ಫಿಸಿಯೋ ಅಂತ ಲೆಕ್ಕ ಹಾಕಬೇಡಿ. ಆಮೇಲೆ "ಫಿಸಿಯೋ ಮಾಡಿದೆ, ಏನೂ ಆಗಲಿಲ್ಲ" ಅಂತ ಬರುವವರಲ್ಲಿ ಎಷ್ಟೋ ಜನ ಭಾರವನ್ನೇ ಎತ್ತಿರುವುದಿಲ್ಲ.

ಎಷ್ಟು ನೋವು ಸರಿ? ಹತ್ತಕ್ಕೆ ನಾಲ್ಕೈದರವರೆಗೆ ಇರಲಿ, ಮಾರನೇ ದಿನದ ಹೊತ್ತಿಗೆ ಇಳಿಯಬೇಕು. ಬೆಳಗ್ಗೆ ಎದ್ದಾಗ ಮಂಡಿ ಮತ್ತೆ ದಪ್ಪ ಕಂಡರೆ ಹಿಂದಿನ ದಿನ ಜಾಸ್ತಿಯಾಗಿದೆ ಅಂತ ತಿಳಿದು ಭಾರ ಇಳಿಸಿ. ಮೊದಲ ಆರು ವಾರ ಪೂರ್ತಿ ಕುಕ್ಕರಗಾಲು, ಕಾಲೂರಿ ಮೈ ತಿರುಗಿಸುವುದು ಬೇಡ. ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಮಂಡಿಯದ್ದೇ ಅಂತ ಸುಮ್ಮನಿರಬೇಡಿ, ಅವತ್ತೇ ತೋರಿಸಿ. ರಕ್ತ ಹೆಪ್ಪುಗಟ್ಟಿರಬಹುದು.

ಹಳೇಮಂಡಿ
ಇಂಜೆಕ್ಷನ್ ಹಾಕಿಸಿದರೆ ಎಲ್ಲ ಹೋಗುತ್ತದೆ ಅಂತ ನನ್ನ ಗೆಳೆಯ ಹೇಳಿದ.

ಅರ್ಧಚಂದ್ರ
ಸ್ಟೀರಾಯ್ಡ್ ಇಂಜೆಕ್ಷನ್ ನೋವನ್ನು ಕೆಲವು ವಾರ ತಗ್ಗಿಸುತ್ತದೆ, ಸೀಳಿಗೆ ಸಂಬಂಧವಿಲ್ಲ. ನೋವಿನಿಂದ ವ್ಯಾಯಾಮವೇ ಆಗುತ್ತಿಲ್ಲ ಅನ್ನುವವರಿಗೆ ಕೊಡುವುದುಂಟು. ಹಾಕಿಸಿದ ಹತ್ತಿರದಲ್ಲೇ ಆಪರೇಷನ್ ಆದರೆ ಸೋಂಕಿನ ಅಪಾಯ ಜಾಸ್ತಿ. ಅದನ್ನು ಹೇಳದೆ ಹಾಕಿಸಬೇಡಿ.

ನೀಲಿಕೊಡೆ (ಎರಡು ತಿಂಗಳ ನಂತರ)
ಕೇಳಿದವರಿಗೆ ಸುದ್ದಿ. ಹಿಮ್ಮಡಿ ಈಗ ಸಮ. ರಾತ್ರಿ ನೋವು ಹೋಗಿದೆ. ಕೆಲಸದಲ್ಲಿ ಮಧ್ಯಾಹ್ನದವರೆಗೆ ಏನೂ ಗೊತ್ತಾಗುವುದಿಲ್ಲ, ಸಂಜೆ ಸ್ವಲ್ಪ ಊತ. ಮೆಟ್ಟಿಲು ಹತ್ತುವುದು ಸಲೀಸು, ಇಳಿಯುವಾಗ ಇನ್ನೂ ಕಂಬಿ ಹಿಡಿಯುತ್ತೇನೆ. ಹೊಸದಾಗಿ ಒಂದು ಶುರುವಾಗಿದೆ. ಕುರ್ಚಿಯಿಂದ ತಿರುಗಿ ಏಳುವಾಗ ಒಳಗೆ ಏನೋ ಒಂದು ಕ್ಷಣ ಸಿಕ್ಕಿದ ಹಾಗಾಗಿ ಬಿಡುತ್ತದೆ. ನೋವಿಲ್ಲ. ಇದೇ ಲಾಕಾ?

ಮಂಡಿಮಾತು
ಕ್ಷಣ ಸಿಕ್ಕಿ ತಾನೇ ಬಿಡುವುದನ್ನು ಲಾಕ್ ಅನ್ನುವುದಿಲ್ಲ. ಅದೇ ಫಿನ್ಲೆಂಡ್ ತಂಡ ಹೀಗೆ ಸಿಕ್ಕುವ ಅನುಭವ ಇದ್ದವರನ್ನು ಬೇರೆ ತೆಗೆದು ನೋಡಿತು. ಅವರಲ್ಲೂ ಕತ್ತರಿಸಿದ್ದಕ್ಕೂ ನಾಟಕಕ್ಕೂ ವ್ಯತ್ಯಾಸ ಸಿಗಲಿಲ್ಲ.

ಅರ್ಧಚಂದ್ರ
ನಾನು ಅಷ್ಟು ಖಡಾಖಂಡಿತವಾಗಿ ಹೇಳುವುದಿಲ್ಲ. ಸಡಿಲ ತುಂಡು ಒಂದು ಓಡಾಡುತ್ತಿರುವ ಮಂಡಿಗಳನ್ನು ತೆರೆದು ನೋಡಿದ್ದೇನೆ, ತೆಗೆದ ಮೇಲೆ ಅವರಿಗೆ ನಿಜಕ್ಕೂ ಆರಾಮಾಗಿದೆ. ನೋವಿಲ್ಲದೆ ವಾರಕ್ಕೊಮ್ಮೆ ಆದರೆ ಬಿಡಿ. ದಿನಕ್ಕೆ ಹಲವು ಸಲ, ನೋವಿನ ಜೊತೆ, ನಡೆಯುತ್ತಾ ಮಂಡಿ ಕುಸಿಯುತ್ತಿದೆ ಅಂದರೆ ಮೂರು ತಿಂಗಳು ತುಂಬುವವರೆಗೆ ಕಾಯದೆ ಬನ್ನಿ. ಮಡಚಿದ್ದು ನೇರವೇ ಆಗದಿದ್ದರೆ ಅವತ್ತೇ.

ಓಟದಹುಚ್ಚ
ಮೂರು ತಿಂಗಳಾದ ಮೇಲೂ ಸಂಜೆ ಊತ ಹೀಗೇ ಇದ್ದರೆ? ಆಗಲಾದರೂ ಕತ್ತರಿ ತಾನೇ?

ನೀಲಿಕೊಡೆ
ಅದನ್ನೇ ನಾನೂ ಡಾಕ್ಟರಿಗೆ ಕೇಳಿದೆ. "ಊತ ಕಾರ್ಟಿಲೇಜ್ ಸವೆತದಿಂದಲೂ ಬರಬಹುದು, ಕತ್ತರಿಗೆ ಅದು ಬಗ್ಗುವುದಿಲ್ಲ" ಅಂದರು. ಮುಂದಿನ ತಿಂಗಳು ನಿಂತು ತೆಗೆಯುವ ಎಕ್ಸ್‌ರೇ ಮಾಡಿಸಿಕೊಂಡು ಬರಲು ಹೇಳಿದ್ದಾರೆ. ಅದು ಬಂದ ಮೇಲೆ ಇಲ್ಲೇ ಹಾಕುತ್ತೇನೆ.